ಎರಡರಲ್ಲೂ ಹಿಂದಿರುವವರು ಏನು ಬೆಳೆಯಬೇಕು?

(ಚಿತ್ರದುರ್ಗ ಜಿಲ್ಲೆಯ ಭರಮಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ, ಮುಂಗಾರು ಬಿತ್ತನೆಗೆ ಮೊದಲು ರೈತರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಧ್ಯೆ ಬಂದ ಪ್ರಶ್ನೆಗಳನ್ನೂ ಹಾಗೇ ಉಳಿಸಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ಆ ಪ್ರಶ್ನೆಗಳಿಂದಲೇ ಲೆಕ್ಕ ಸರಿ ದಾರಿಗೆ ಬಂತು.)

ಎಲ್ಲರಿಗೂ ನಮಸ್ಕಾರ. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿದವನು. ನೇಗಿಲು ಹಿಡಿದವನಲ್ಲ. ಹಾಗಾಗಿ ಬೇಸಾಯದ ವಿಷಯದಲ್ಲಿ ನಾನು ತಪ್ಪಿದರೆ ಅಲ್ಲೇ ತಡೆಯಿರಿ. ಲೆಕ್ಕದಲ್ಲಿ ತಪ್ಪಿದರೂ ತಡೆಯಿರಿ.

ಒಂದೇ ಬದುವಿನ ಆಚೆ ಈಚೆ ಎರಡು ಹೊಲ ಇವೆ ಅಂದುಕೊಳ್ಳಿ. ಮೇಲಿನ ಹೊಲ ರುದ್ರಪ್ಪನವರದು, ಕೆಳಗಿನದು ತಿಪ್ಪೇಸ್ವಾಮಿಯವರದು. ಹೆಸರು ಸುಮ್ನೆ ಕರೆಯೋಕೆ ಇಟ್ಟದ್ದು, ಈ ಹೆಸರಿನವರು ಇಲ್ಲಿ ಕೂತಿದ್ದರೆ ಕ್ಷಮಿಸಿ. ಇಬ್ಬರಿಗೂ ನಾಲ್ಕು ನಾಲ್ಕು ಎಕರೆ. ಇಬ್ಬರೂ ಮೆಕ್ಕೆಜೋಳ ಹಾಕುತ್ತಾರೆ, ಈರುಳ್ಳಿ ಹಾಕುತ್ತಾರೆ.

ರುದ್ರಪ್ಪನವರ ಹೊಲದಲ್ಲಿ ಮಣ್ಣು ಆಳವಾಗಿದೆ, ನೀರು ನಿಲ್ಲುವುದಿಲ್ಲ. ಬೋರ್‌ವೆಲ್ ಇದೆ, ಮಳೆ ಕೈಕೊಟ್ಟರೆ ಒಂದೆರಡು ನೀರು ಕೊಟ್ಟು ಬೆಳೆ ಉಳಿಸಿಕೊಳ್ಳುತ್ತಾರೆ. ಮನೆಯಲ್ಲಿ ಕಳೆ ತೆಗೆಯುವ ಕೈಗಳೂ ಇವೆ. ಅವರಿಗೆ ಎಕರೆಗೆ 24 ಕ್ವಿಂಟಲ್ ಮೆಕ್ಕೆಜೋಳ ಬರುತ್ತದೆ. ಈರುಳ್ಳಿ ಹಾಕಿದರೆ 120 ಪಾಕೆಟ್, ಅಂದರೆ 120 ಚೀಲ. ತಿಪ್ಪೇಸ್ವಾಮಿಯವರದು ತೆಳು ಮಣ್ಣು, ಅಡಿಯಲ್ಲಿ ಕಲ್ಲು. ಪೂರ್ತಿ ಮಳೆ ಆಧಾರ. ಮಕ್ಕಳಿಬ್ಬರೂ ಊರು ಬಿಟ್ಟು ಕೆಲಸಕ್ಕೆ ಹೋಗಿದ್ದಾರೆ. ಅವರಿಗೆ ಎಕರೆಗೆ ಮೆಕ್ಕೆಜೋಳ 20 ಕ್ವಿಂಟಲ್, ಈರುಳ್ಳಿ 60 ಪಾಕೆಟ್.

ಅಂದರೆ ತಿಪ್ಪೇಸ್ವಾಮಿ ಎರಡರಲ್ಲೂ ಹಿಂದೆ. ಮೆಕ್ಕೆಜೋಳದಲ್ಲಿ ಸ್ವಲ್ಪ ಹಿಂದೆ, ಈರುಳ್ಳಿಯಲ್ಲಿ ಅರ್ಧಕ್ಕರ್ಧ ಹಿಂದೆ. ಈಗ ನನ್ನ ಪ್ರಶ್ನೆ: ಎಲ್ಲದರಲ್ಲೂ ಮುಂದಿರುವ ರುದ್ರಪ್ಪನವರಿಗೆ ತಿಪ್ಪೇಸ್ವಾಮಿಯವರಿಂದ ಏನಾದರೂ ಆಗಬೇಕಾದ್ದು ಇದೆಯಾ?

(ಮುಂದೆ ಕೂತಿದ್ದ ಯಜಮಾನರೊಬ್ಬರು, "ಅವರಿಂದ ಇವರಿಗೆ ಏನಾಗಬೇಕು ಸಾರ್, ಬದು ಒತ್ತದಿದ್ರೆ ಸಾಕು" ಅಂದರು. ಎಲ್ಲರೂ ನಕ್ಕರು.)

ಇರಲಿ, ಬದುವಿನ ವಿಷಯಕ್ಕೆ ಕೋರ್ಟ್ ಇದೆ. ನಾವು ಬೆಳೆ ಲೆಕ್ಕ ನೋಡೋಣ. ಈ ಲೆಕ್ಕ ಅರ್ಥವಾಗಬೇಕಾದರೆ ದುಡ್ಡನ್ನು ಸ್ವಲ್ಪ ಹೊತ್ತು ಮರೆತುಬಿಡಿ.

ರುದ್ರಪ್ಪ ಒಂದು ಎಕರೆಗೆ ಮೆಕ್ಕೆಜೋಳ ಹಾಕಿದರೆ 24 ಕ್ವಿಂಟಲ್ ಸಿಗುತ್ತದೆ ಸರಿ. ಆದರೆ ಅದೇ ಎಕರೆಯಲ್ಲಿ ಬರಬಹುದಾಗಿದ್ದ 120 ಪಾಕೆಟ್ ಈರುಳ್ಳಿ ಕೈಬಿಟ್ಟು ಹೋಯಿತು. 120ನ್ನು 24ರಿಂದ ಭಾಗಿಸಿದರೆ 5. ಅಂದರೆ ರುದ್ರಪ್ಪನವರ ಒಂದೊಂದು ಕ್ವಿಂಟಲ್ ಮೆಕ್ಕೆಜೋಳದ ಹಿಂದೆ 5 ಪಾಕೆಟ್ ಈರುಳ್ಳಿ ಹೋಗಿದೆ. ತಿಪ್ಪೇಸ್ವಾಮಿಯವರಿಗೆ? 60ನ್ನು 20ರಿಂದ ಭಾಗಿಸಿ. 3 ಪಾಕೆಟ್.

ನಮ್ಮ ಪುಸ್ತಕಗಳಲ್ಲಿ ಇದನ್ನು ಅವಕಾಶ ವೆಚ್ಚ ಅಂತಾರೆ. ನಾನು ಇವತ್ತು ಬಿಟ್ಟ ಬೆಳೆಯ ಲೆಕ್ಕ ಅಂತ ಕರೀತೀನಿ. ಈ ಲೆಕ್ಕದಲ್ಲಿ ಮೆಕ್ಕೆಜೋಳ ಯಾರಿಗೆ ಅಗ್ಗ? ತಿಪ್ಪೇಸ್ವಾಮಿಯವರಿಗೆ! ಎಕರೆಗೆ ನಾಲ್ಕು ಕ್ವಿಂಟಲ್ ಕಮ್ಮಿ ಬೆಳೆಯುವವರಿಗೇ ಮೆಕ್ಕೆಜೋಳ ಅಗ್ಗ, ಯಾಕೆಂದರೆ ಅವರು ಅದಕ್ಕಾಗಿ ಬಿಡುವುದು ಕಮ್ಮಿ. ಇದಕ್ಕೆ ತುಲನಾತ್ಮಕ ಅನುಕೂಲ ಅಂತ ಹೆಸರು. ಎರಡೂ ಬೆಳೆಯಲ್ಲಿ ಹಿಂದಿರುವವರಿಗೂ ಈ ಅನುಕೂಲ ಒಂದರಲ್ಲಿ ಇದ್ದೇ ಇರುತ್ತದೆ. ಇಬ್ಬರ ಭಾಗಾಕಾರದ ಉತ್ತರ ಒಂದೇ ಬಂದರೆ ಮಾತ್ರ ಇರುವುದಿಲ್ಲ.

ಈಗ ಬೋರ್ಡ್ ಮೇಲೆ ಮಾಡಿದ್ದನ್ನು ಇಲ್ಲೂ ಮಾಡುತ್ತೇನೆ. ಹೋದ ವರ್ಷ ಇಬ್ಬರೂ ಎರಡೆರಡು ಎಕರೆ ಹಂಚಿಕೊಂಡು ಬಿತ್ತಿದ್ದರು ಅಂತಿಟ್ಟುಕೊಳ್ಳಿ. ರುದ್ರಪ್ಪನವರಿಗೆ 48 ಕ್ವಿಂಟಲ್ ಮೆಕ್ಕೆಜೋಳ, 240 ಪಾಕೆಟ್ ಈರುಳ್ಳಿ. ತಿಪ್ಪೇಸ್ವಾಮಿಯವರಿಗೆ 40 ಕ್ವಿಂಟಲ್, 120 ಪಾಕೆಟ್. ಎರಡು ಮನೆ ಸೇರಿ 88 ಕ್ವಿಂಟಲ್, 360 ಪಾಕೆಟ್.

ಈ ವರ್ಷ ತಿಪ್ಪೇಸ್ವಾಮಿ ನಾಲ್ಕೂ ಎಕರೆಗೆ ಮೆಕ್ಕೆಜೋಳ ಹಾಕಿದರು: 80 ಕ್ವಿಂಟಲ್. ರುದ್ರಪ್ಪ ಮೂರು ಎಕರೆ ಈರುಳ್ಳಿ, ಒಂದು ಎಕರೆ ಮೆಕ್ಕೆಜೋಳ: 360 ಪಾಕೆಟ್, 24 ಕ್ವಿಂಟಲ್. ಒಟ್ಟು ಕೂಡಿಸಿ. ಈರುಳ್ಳಿ ಹೋದ ವರ್ಷದಷ್ಟೇ, 360. ಮೆಕ್ಕೆಜೋಳ 104. ಹದಿನಾರು ಕ್ವಿಂಟಲ್ ಜಾಸ್ತಿ! ಒಂದು ಗುಂಟೆ ಜಮೀನು ಹೆಚ್ಚಿಲ್ಲ, ಒಂದು ಚೀಲ ಗೊಬ್ಬರ ಹೆಚ್ಚು ಹಾಕಿಲ್ಲ. ಯಾವ ಎಕರೆಗೆ ಏನು ಅನ್ನುವುದು ಬದಲಾಯಿತು, ಅಷ್ಟೇ.

ಈ ಹದಿನಾರು ಕ್ವಿಂಟಲ್ ಯಾರಿಗೆ? ಅದು ವಿನಿಮಯದ ದರದ ಮೇಲೆ ನಿಂತಿದೆ. ಕ್ವಿಂಟಲ್ ಮೆಕ್ಕೆಜೋಳಕ್ಕೆ 4 ಪಾಕೆಟ್ ಈರುಳ್ಳಿ ಅಂತ ಇಬ್ಬರೂ ಒಪ್ಪಿದರು ಅನ್ನಿ. ತಿಪ್ಪೇಸ್ವಾಮಿ 30 ಕ್ವಿಂಟಲ್ ಕೊಟ್ಟು ತಮ್ಮ ಹಳೆಯ 120 ಪಾಕೆಟ್ ತಗೊಂಡರು. ಅವರ ಹತ್ತಿರ 50 ಕ್ವಿಂಟಲ್ ಉಳಿಯಿತು, ಮೊದಲು 40 ಇತ್ತು. ರುದ್ರಪ್ಪನವರ ಹತ್ತಿರ ಈರುಳ್ಳಿ ಮೊದಲಿನಂತೆ 240, ಮೆಕ್ಕೆಜೋಳ 54, ಮೊದಲು 48 ಇತ್ತು. ಒಬ್ಬರಿಗೆ ಹತ್ತು, ಇನ್ನೊಬ್ಬರಿಗೆ ಆರು.

ದರ ಮೂರಕ್ಕೂ ಐದಕ್ಕೂ ಮಧ್ಯೆ ಎಲ್ಲಿದ್ದರೂ ಇಬ್ಬರಿಗೂ ಲಾಭವೇ. ಮೂರಕ್ಕಿಂತ ಕೆಳಗೆ ಹೋದರೆ ತಿಪ್ಪೇಸ್ವಾಮಿ ಯಾಕೆ ಕೊಡ್ತಾರೆ, ತಾವೇ ಈರುಳ್ಳಿ ಹಾಕ್ಕೋತಾರೆ. ಐದರ ಮೇಲೆ ಕೇಳಿದರೆ ರುದ್ರಪ್ಪ ತಾವೇ ಮೆಕ್ಕೆಜೋಳ ಬೆಳೆದುಕೊಳ್ಳುತ್ತಾರೆ. ಮೂರಕ್ಕೆ ಹತ್ತಿರವಾದಷ್ಟೂ ಲಾಭ ರುದ್ರಪ್ಪನವರ ಕಡೆ, ಐದಕ್ಕೆ ಹತ್ತಿರವಾದಷ್ಟೂ ತಿಪ್ಪೇಸ್ವಾಮಿಯವರ ಕಡೆ. ಒಟ್ಟು ಲಾಭ ಇದೆ ಅಂತ ಮಾತ್ರ ಈ ಲೆಕ್ಕ ಹೇಳುತ್ತದೆ. ಹಂಚಿಕೆ ನ್ಯಾಯವಾಗಿ ಆಗುತ್ತದೆ ಅಂತ ಎಲ್ಲೂ ಹೇಳುವುದಿಲ್ಲ. ನಮ್ಮ ಅರ್ಥಶಾಸ್ತ್ರದವರು ಮೊದಲ ಮಾತು ಜೋರಾಗಿ ಹೇಳಿ ಎರಡನೆಯದನ್ನು ಬಾಯೊಳಗೇ ನುಂಗುತ್ತಾರೆ.

ಈ ಯೋಚನೆ ನಮ್ಮದಲ್ಲ. ಡೇವಿಡ್ ರಿಕಾರ್ಡೊ ಅಂತ ಇಂಗ್ಲೆಂಡಿನ ಷೇರು ವ್ಯಾಪಾರಿ, 1817ರಲ್ಲಿ ಬರೆದದ್ದು. ಅವನ ಉದಾಹರಣೆಯಲ್ಲಿ ಬಟ್ಟೆ ಮತ್ತು ದ್ರಾಕ್ಷಾರಸ, ಇಂಗ್ಲೆಂಡ್ ಮತ್ತು ಪೋರ್ಚುಗಲ್. ಬಟ್ಟೆಗೆ ಇಂಗ್ಲೆಂಡಿನಲ್ಲಿ ವರ್ಷಕ್ಕೆ 100 ಆಳು ಬೇಕು, ಪೋರ್ಚುಗಲ್‌ನಲ್ಲಿ 90 ಸಾಕು. ದ್ರಾಕ್ಷಾರಸಕ್ಕೆ ಇಂಗ್ಲೆಂಡಿನಲ್ಲಿ 120, ಪೋರ್ಚುಗಲ್‌ನಲ್ಲಿ 80. ಇಂಗ್ಲೆಂಡೇ ಎರಡರಲ್ಲೂ ಹಿಂದೆ, ನೋಡಿ! ತನ್ನ ದೇಶವನ್ನೇ ತಿಪ್ಪೇಸ್ವಾಮಿ ಮಾಡಿಕೊಂಡಿದ್ದ ಆಸಾಮಿ. ಆದರೂ ಇಂಗ್ಲೆಂಡ್ 100 ಆಳಿನ ಬಟ್ಟೆ ಕೊಟ್ಟು, ತಾನು ಮಾಡಿದ್ದರೆ 120 ಆಳು ಬೇಕಾಗುತ್ತಿದ್ದ ದ್ರಾಕ್ಷಾರಸ ಪಡೆಯುತ್ತದೆ. ಪೋರ್ಚುಗಲ್ 80 ಆಳಿನದನ್ನು ಕೊಟ್ಟು 90 ಆಳಿನದನ್ನು ಪಡೆಯುತ್ತದೆ.

ಇಲ್ಲಿಗೆ ಪಾಠ ಮುಗಿಯಿತು ಅಂತ ನಾನು ಚಾಕ್ ಕೆಳಗಿಟ್ಟೆ. ಆಗ ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಎದ್ದು ನಿಂತರು.

"ಸಾರ್, ಎಲ್ಲಾ ಸರಿ. ಕೂಲಿ ಎಲ್ಲೈತೆ ಇದ್ರಾಗೆ? ಈರುಳ್ಳಿ ಏನು ತಾನೇ ತಾನಾಗಿ ಬರ್ತತಾ?"

ನಿಜ. ನಾನು ಎಕರೆ ಮಾತ್ರ ಲೆಕ್ಕ ಹಾಕಿದ್ದೆ, ಖರ್ಚು ಬಿಟ್ಟಿದ್ದೆ. ಈರುಳ್ಳಿಗೆ ಬೀಜದ ಬೆಲೆ, ಎರಡು ಮೂರು ಸಲ ಕಳೆ, ಔಷಧಿ, ಕೀಳುವುದು, ತುದಿ ಕೊಯ್ಯುವುದು, ಪಾಕೆಟ್ ತುಂಬುವುದು. ಮೆಕ್ಕೆಜೋಳಕ್ಕೆ ಇಷ್ಟು ಕೈ ಬೇಡ. "ಎಕರೆಗೆ ಎಷ್ಟು ಜಾಸ್ತಿ ಬೀಳುತ್ತದೆ ಅಕ್ಕಾ?" ಅಂತ ಕೇಳಿದೆ. ಸಭೆಯಲ್ಲಿ ಗಲಾಟೆಯೇ ಆಯಿತು. ಹದಿನೈದು ಸಾವಿರ ಅಂದರು, ಮೂವತ್ತು ಅಂದರು. ಕೊನೆಗೆ ಮೆಕ್ಕೆಜೋಳಕ್ಕಿಂತ 20,000 ರೂಪಾಯಿ ಹೆಚ್ಚು ಅಂತ ಲೆಕ್ಕಕ್ಕೆ ಹಿಡಿದೆವು. ಮೆಕ್ಕೆಜೋಳದ ಬೆಲೆಯನ್ನು ಕ್ವಿಂಟಲ್‌ಗೆ 2,000 ಅಂತ ಇಟ್ಟುಕೊಂಡೆವು, ಭಾಗಾಕಾರ ಸುಲಭವಾಗಲಿ ಅಂತ.

ಈಗ ಪ್ರತಿಯೊಬ್ಬರಿಗೂ ಒಂದು ಗೆರೆ ಎಳೆಯಬಹುದು. ಈರುಳ್ಳಿ ಪಾಕೆಟ್‌ಗೆ ಎಷ್ಟು ಸಿಕ್ಕರೆ ಮೆಕ್ಕೆಜೋಳಕ್ಕೆ ಸಮ? ರುದ್ರಪ್ಪನವರ ಒಂದು ಎಕರೆ ಮೆಕ್ಕೆಜೋಳ 48,000 ತರುತ್ತದೆ. ಈರುಳ್ಳಿ ಅದನ್ನೂ ತರಬೇಕು, ಮೇಲಿನ 20,000 ಖರ್ಚನ್ನೂ ತೀರಿಸಬೇಕು. ಒಟ್ಟು 68,000. ಅದನ್ನು 120 ಪಾಕೆಟ್‌ಗೆ ಹಂಚಿದರೆ 567 ರೂಪಾಯಿ. ತಿಪ್ಪೇಸ್ವಾಮಿಯವರ ಮೆಕ್ಕೆಜೋಳ 40,000, ಖರ್ಚು 20,000, ಒಟ್ಟು 60,000. 60 ಪಾಕೆಟ್‌ಗೆ ಹಂಚಿದರೆ ಸರಿಯಾಗಿ ಸಾವಿರ ರೂಪಾಯಿ.

ಖರ್ಚು ಸೇರಿಸದೆ ಇದೇ ಲೆಕ್ಕ ಮಾಡಿದ್ದರೆ ಒಬ್ಬರದು 400, ಇನ್ನೊಬ್ಬರದು 667 ಬರುತ್ತಿತ್ತು. ಖರ್ಚು ಸೇರಿಸಿದ ಮೇಲೆ ಎರಡೂ ಗೆರೆ ಮೇಲಕ್ಕೆ ಹೋದವು. ಯಾರು ಮುಂದೆ ಯಾರು ಹಿಂದೆ ಅನ್ನುವುದು ಬದಲಾಗಲಿಲ್ಲ, ಆದರೆ ಅಂತರ ಜಾಸ್ತಿಯಾಯಿತು. ಯಾಕೆಂದರೆ ಕಳೆಗೆ ಬರುವ ಹೆಂಗಸರು ಎಕರೆ ನೋಡಿ ಕೂಲಿ ಕೇಳುತ್ತಾರೆ, ಇಳುವರಿ ನೋಡಿ ಅಲ್ಲ. 60 ಪಾಕೆಟ್ ಬರುವ ಹೊಲಕ್ಕೆ ಆ ಕೂಲಿ ಎರಡರಷ್ಟು ಭಾರ. ಕೀಳುವ ಖರ್ಚು ಒಂಚೂರು ಕಮ್ಮಿಯಾಗಬಹುದು, ಒಪ್ಪುತ್ತೇನೆ. ಮೆಕ್ಕೆಜೋಳದ ಕಡ್ಡಿ ದನಕ್ಕೆ ಆಗುವುದಾದರೆ ಅದರ ಬೆಲೆಯನ್ನೂ ಮೆಕ್ಕೆಜೋಳದ ಪಾಲಿಗೇ ಕೂಡಿಸಬೇಕು.

ಈರುಳ್ಳಿ ಪಾಕೆಟ್‌ಗೆ 700 ಇದ್ದ ವರ್ಷ ಏನಾಗುತ್ತದೆ ನೋಡಿ. ರುದ್ರಪ್ಪನವರಿಗೆ ಎಕರೆಗೆ 84,000 ಬಂತು, 20,000 ಕಳೆದರೆ 64,000. ಮೆಕ್ಕೆಜೋಳದ 48,000ಕ್ಕಿಂತ ಎಷ್ಟೋ ಮೇಲು. ಅವರು ಹೊಸ ಬೈಕ್ ತಂದರು. ಬದುವಿನ ಆಚೆಯಿಂದ ತಿಪ್ಪೇಸ್ವಾಮಿ ನೋಡಿದರು. ಮುಂದಿನ ವರ್ಷ ಅವರೂ ನಾಲ್ಕೂ ಎಕರೆಗೆ ಈರುಳ್ಳಿ ಬಿತ್ತಿದರು. ಬೆಲೆ ಅದೇ 700 ನಿಂತಿತು ಅಂತಲೇ ಇಟ್ಟುಕೊಳ್ಳಿ. ಅವರಿಗೆ ಎಕರೆಗೆ ಬಂದದ್ದು 42,000, ಖರ್ಚು ಕಳೆದು 22,000. ಮೆಕ್ಕೆಜೋಳ ಹಾಕಿದ್ದರೆ 40,000 ಇತ್ತು. ಎಕರೆಗೆ 18,000, ನಾಲ್ಕು ಎಕರೆಗೆ 72,000 ಕೈಬಿಟ್ಟರು.

ಇದರಲ್ಲಿ ಬೆಲೆ ಬಿದ್ದಿಲ್ಲ, ರೋಗ ಬಂದಿಲ್ಲ, ದಲ್ಲಾಳಿ ಮೋಸ ಮಾಡಿಲ್ಲ. ಅವರು ತಮ್ಮ ಈರುಳ್ಳಿಯನ್ನು ರುದ್ರಪ್ಪನವರ ಈರುಳ್ಳಿ ಜೊತೆ ಹೋಲಿಸಿದರು. ಹೋಲಿಸಬೇಕಾಗಿದ್ದು ತಮ್ಮದೇ ಹೊಲದ ಮೆಕ್ಕೆಜೋಳದ ಜೊತೆ. ನನ್ನ ಈ ಇಡೀ ಉಪನ್ಯಾಸ ಇರುವುದು ಇಷ್ಟಕ್ಕೇ. ಅದೂ ಅಲ್ಲದೆ, ಇಂಥ ನಷ್ಟ ಕಣ್ಣಿಗೆ ಕಾಣುವುದೇ ಇಲ್ಲ. ಕೈಯಲ್ಲಿ 22,000 ಇರುತ್ತದಲ್ಲ, ಲಾಭ ಬಂತು ಅಂತಲೇ ಅನಿಸುತ್ತದೆ.

"ಮೇಷ್ಟ್ರೇ, ಹಂಗಾದ್ರೆ ರುದ್ರಪ್ಪ ನಾಲ್ಕೂ ಎಕರೆ ಈರುಳ್ಳಿನೇ ಹಾಕ್ಬೇಕು ಅಂತೀರಾ?" ಅಂತ ಒಬ್ಬ ಯುವಕ ಕೇಳಿದ.

ಇಲ್ಲ. ಬೋರ್ಡ್ ಮೇಲೆ ನಾನು ಪ್ರತಿ ಎಕರೆಗೂ 120 ಪಾಕೆಟ್ ಬರೆದುಬಿಟ್ಟೆ. ಹೊಲದಲ್ಲಿ ಹಾಗಿರುವುದಿಲ್ಲ. ಬಿತ್ತಿ ಮೂರ್ನಾಲ್ಕು ವಾರಕ್ಕೆ ಕಳೆ ಬರುತ್ತದೆ, ಎಲ್ಲರ ಹೊಲಕ್ಕೂ ಒಟ್ಟಿಗೇ ಬರುತ್ತದೆ. ಊರಲ್ಲಿರುವ ಕೈ ಅಷ್ಟೇ. ಮೊದಲ ಎಕರೆಗೆ ಸಮಯಕ್ಕೆ ಕಳೆ ತೆಗೆದಿರಿ, ಎರಡನೆಯದಕ್ಕೂ ತೆಗೆದಿರಿ, ಮೂರನೆಯದಕ್ಕೆ ಎಂಟು ಹತ್ತು ದಿನ ತಡವಾಯಿತು. ಈರುಳ್ಳಿ ಎಲೆ ಕಡ್ಡಿಯ ಹಾಗೆ ನೆಟ್ಟಗೆ ನಿಲ್ಲುತ್ತದೆ, ನೆರಳು ಕೊಟ್ಟು ಕಳೆಯನ್ನು ಅದುಮುವುದಿಲ್ಲ. ಬೋರ್‌ವೆಲ್ ನೀರೂ ಅಷ್ಟೇ, ಎರಡು ಎಕರೆಗೆ ಸಾಕಾದದ್ದು ನಾಲ್ಕಕ್ಕೆ ಸಾಲದು. ಹೀಗಾಗಿ ಮೂರನೆಯ ಎಕರೆಯಲ್ಲಿ 100 ಬರಬಹುದು, ನಾಲ್ಕನೆಯದರಲ್ಲಿ 70.

ಎಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೂ ಅದೇ ಲೆಕ್ಕ ಉತ್ತರ ಕೊಡುತ್ತದೆ. ಮತ್ತೆ ದುಡ್ಡು ಬಿಟ್ಟು ನೋಡಿ. ತಿಪ್ಪೇಸ್ವಾಮಿಯವರ ಕ್ವಿಂಟಲ್‌ಗೆ 3 ಪಾಕೆಟ್. ರುದ್ರಪ್ಪನವರ ಎಕರೆಯಲ್ಲಿ 24 ಕ್ವಿಂಟಲ್. ಮೂರು ಇಪ್ಪತ್ನಾಲ್ಕಲಿ 72. ಅವರ ಯಾವುದಾದರೂ ಎಕರೆಯಲ್ಲಿ ಈರುಳ್ಳಿ 72 ಪಾಕೆಟ್‌ಗಿಂತ ಕೆಳಗಿಳಿದರೆ, ಆ ಎಕರೆಯ ಮಟ್ಟಿಗೆ ರುದ್ರಪ್ಪನವರೇ ತಿಪ್ಪೇಸ್ವಾಮಿಗಿಂತ ಒಳ್ಳೆಯ ಮೆಕ್ಕೆಜೋಳದವರು. ನೂರು ಬರುವ ಮೂರನೆಯ ಎಕರೆ ಈರುಳ್ಳಿಗೆ ಸರಿ. ಎಪ್ಪತ್ತರ ನಾಲ್ಕನೆಯದು ಮೆಕ್ಕೆಜೋಳಕ್ಕೆ. ಹಾಗಾಗಿ ಅನುಕೂಲ ಅನ್ನುವುದು ರೈತನ ಹೆಸರಿಗೆ ಅಂಟಿಕೊಂಡಿಲ್ಲ, ಆ ಎಕರೆಗೆ ಅಂಟಿಕೊಂಡಿದೆ. ಆದ್ದರಿಂದಲೇ ಇಳುವರಿಯನ್ನು ಹೊಲಕ್ಕೆಲ್ಲ ಒಟ್ಟಾಗಿ ಬರೆಯಬೇಡಿ, ತುಂಡು ತುಂಡಾಗಿ ಬರೆದಿಡಿ ಅಂತ ಕೇಳಿಕೊಂಡೆ.

ಇನ್ನೊಬ್ಬರು ಕೇಳಿದ್ದು ನನಗೆ ತುಂಬಾ ಹಿಡಿಸಿತು. "ಇಷ್ಟೆಲ್ಲಾ ಯಾಕೆ ಸಾರ್? ರುದ್ರಪ್ಪ ಬದುವಿನ ಮೇಲೆ ಪೈಪ್ ಎಳೆದು ತಿಪ್ಪೇಸ್ವಾಮಿ ಹೊಲಾನೂ ಮಾಡಿದ್ರೆ ಮುಗೀತು." ಅಕ್ಕಪಕ್ಕದ ರೈತರ ಉದಾಹರಣೆ ಕುಂಟುವುದು ಇಲ್ಲೇ. ರಿಕಾರ್ಡೊ ದೇಶಗಳನ್ನು ಹಿಡಿದುಕೊಂಡಿದ್ದಕ್ಕೆ ಕಾರಣ ಇತ್ತು: ಬಂಡವಾಳ, ಜನ ಗಡಿ ದಾಟುವುದು ಸುಲಭ ಅಲ್ಲ ಅಂತ ಅವನೇ ಹೇಳಿಕೊಂಡಿದ್ದ. ಬದು ದಾಟುವುದು ಸುಲಭ. ಆದರೆ ಬೇರೆಯವರ ಹೊಲ ಮಾಡಬೇಕಾದರೆ ಗೇಣಿಗೆ ಹಿಡಿಯಬೇಕು. ಭೂ ಸುಧಾರಣೆ ಕಾನೂನಿಗೆ 1974ರಲ್ಲಿ ತಿದ್ದುಪಡಿ ಬಂದ ಮೇಲೆ ಗೇಣಿ ಕಾಗದದ ಮೇಲೆ ಇಲ್ಲ. ಬಾಯಿಮಾತಿನಲ್ಲಿ ಇದೆಯೋ ಇಲ್ಲವೋ ನಿಮಗೇ ಗೊತ್ತು.

ಹಾಗಾದರೆ ತಿಪ್ಪೇಸ್ವಾಮಿಯವರ ಇಳುವರಿ ಕಮ್ಮಿ ಇರುವುದು ಯಾತಕ್ಕೆ ಅಂತ ಕೇಳಬೇಕು. ನೀರಿಲ್ಲದ್ದಕ್ಕೇ ಆದರೆ ಪೈಪ್ ಬಂದ ದಿನ ಅಂತರ ಮುಚ್ಚುತ್ತದೆ. ಅವರಿಗೆ ಮೆಕ್ಕೆಜೋಳ 22 ಕ್ವಿಂಟಲ್, ಈರುಳ್ಳಿ 100 ಪಾಕೆಟ್ ಬರತೊಡಗಿತು ಅನ್ನಿ. ಕ್ವಿಂಟಲ್‌ಗೆ ಬಿಡುವುದು ನಾಲ್ಕೂವರೆ ಪಾಕೆಟ್ ಆಯಿತು. ರುದ್ರಪ್ಪನವರದು ಐದು. ಆಗ ಬೆಳೆ ಹಂಚಿಕೊಂಡು ಬರುವ ಲಾಭ ಬಹಳ ಸಣ್ಣದು. ಆದರೆ ಕಾರಣ ತೆಳು ಮಣ್ಣಾದರೆ? ಹೊಲ ಯಾರು ಮಾಡಿದರೂ ಅಡಿಯ ಕಲ್ಲು ಅಲ್ಲೇ ಇರುತ್ತದೆ.

ಇನ್ನು ಬೆಲೆ. ಗೆರೆ ನಮ್ಮ ಕೈಯಲ್ಲಿದೆ, ಬೆಲೆ ಇಲ್ಲ. ಬಿತ್ತುವುದು ಜೂನ್‌ನಲ್ಲಿ, ಮಾರುವುದು ದಸರಾ ದೀಪಾವಳಿ ಹೊತ್ತಿಗೆ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತು ನಿಲ್ಲಿಸಿತು, ಮತ್ತೆ ಬಿಟ್ಟದ್ದು 2024ರ ಮೇ ತಿಂಗಳಲ್ಲಿ. ಬಿತ್ತುವಾಗ ಯಾರ ಲೆಕ್ಕದಲ್ಲೂ ಅದು ಇರಲಿಲ್ಲ. ಮೆಕ್ಕೆಜೋಳವೂ ಏನು ಗಟ್ಟಿ ಬೆಳೆ ಅಂತಲ್ಲ. 2018ರಲ್ಲಿ ಮೆಕ್ಕೆಜೋಳದ ಸುಳಿ ತಿನ್ನುವ ಫಾಲ್ ಸೈನಿಕ ಹುಳು ದೇಶದಲ್ಲೇ ಮೊದಲು ಕಂಡದ್ದು ನಮ್ಮ ಹತ್ತಿರದ ಶಿವಮೊಗ್ಗದಲ್ಲಿ. ಆಮೇಲೆ ಸುಳಿಯೊಳಗೆ ಔಷಧಿ ಹಾಕುವ ಖರ್ಚು ಮೆಕ್ಕೆಜೋಳಕ್ಕೂ ಸೇರಿಕೊಂಡಿತು.

ಆದ್ದರಿಂದ ಸಾಲ ಇರುವವರು ಅರ್ಧ ಅರ್ಧ ಹಾಕಿದರೆ ಅದು ದಡ್ಡತನ ಅಂತ ನಾನು ಹೇಳುವುದಿಲ್ಲ. ರುದ್ರಪ್ಪನವರ ಗೆರೆ 567. ಬೆಲೆ 500ಕ್ಕೆ ಬಿದ್ದರೆ ಮೆಕ್ಕೆಜೋಳಕ್ಕೆ ಹೋಲಿಸಿದರೆ ಎಕರೆಗೆ 8,000 ಕಳೆದುಕೊಳ್ಳುತ್ತಾರೆ, ತಡೆದುಕೊಳ್ಳುತ್ತಾರೆ. ಅದೇ 300ಕ್ಕೆ ಬಿದ್ದರೆ ಖರ್ಚು ಕಳೆದು ಕೈಗೆ ಬರುವುದು ಬರೀ 16,000. ಮೂರು ಎಕರೆ ಹಾಕಿದವರಿಗೆ ಆ ಒಂದು ವರ್ಷ ಸಾಕು. ಒಂದು ಎಕರೆಯನ್ನು ಲಾಭ ಕಮ್ಮಿ ಅಂತ ಗೊತ್ತಿದ್ದೂ ಮೆಕ್ಕೆಜೋಳಕ್ಕೆ ಬಿಟ್ಟರೆ, ಆ ಕಮ್ಮಿಯಾದ ಲಾಭವನ್ನು ವಿಮೆಯ ಕಂತು ಅಂದುಕೊಳ್ಳಬಹುದು. ಆದರೆ ಕಂತು ಎಷ್ಟು ಅನ್ನುವುದು ಕಟ್ಟುವವರಿಗೆ ಗೊತ್ತಿರಬೇಕಲ್ವಾ? ಅದಕ್ಕೂ ಗೆರೆ ಬೇಕು.

ಕಾರ್ಯಕ್ರಮ ಮುಗಿದು ಕಾಫಿ ಕುಡಿಯುವಾಗ, ಕೂಲಿ ಬಗ್ಗೆ ಕೇಳಿದ ಆ ಅಕ್ಕ ಹತ್ತಿರ ಬಂದರು. "ನಮ್ಮ ಹೊಲದ್ದು ಹಾಕಿ ಕೊಡ್ರಿ" ಅಂದರು. ಮೆಕ್ಕೆಜೋಳ 18 ಕ್ವಿಂಟಲ್, ಈರುಳ್ಳಿ 75 ಪಾಕೆಟ್, ಈರುಳ್ಳಿಗೆ ಮೇಲಿನ ಖರ್ಚು 18,000. ಮೆಕ್ಕೆಜೋಳದ 36,000 ಕೂಡಿಸಿ 54,000, ಎಪ್ಪತ್ತೈದಕ್ಕೆ ಹಂಚಿದರೆ 720 ರೂಪಾಯಿ. ಬರೆದುಕೊಟ್ಟೆ.

ಅವರು ಚೀಟಿ ನೋಡಿ, "ನಮ್ಮದು ಕಮ್ಮಿನೇ ಐತೆ ಖರ್ಚು. ಕಳೆಗೆ ಆಳು ಕರೆಯಲ್ಲ, ನಾನೂ ಸೊಸೆನೂ ಇಪ್ಪತ್ತು ದಿನ ಕೂರ್ತೀವಿ" ಅಂದರು.

"ಒಬ್ಬೊಬ್ಬರಿಗೆ ಎಷ್ಟು ದಿನ?"

"ಹತ್ತು ಹತ್ತು."

"ಆ ಇಪ್ಪತ್ತು ದಿನ ಬೇರೆಯವರ ಹೊಲಕ್ಕೆ ಹೋಗಿದ್ದರೆ?"

ಸ್ವಲ್ಪ ಹೊತ್ತು ಮಾತಾಡಲಿಲ್ಲ. "ದಿನಕ್ಕೆ ನಾನೂರು ಕೊಡ್ತಾರೆ" ಅಂದರು. ಎಂಟು ಸಾವಿರ. ಅದನ್ನೂ ಸೇರಿಸಿದರೆ 62,000. ನಾನು ಭಾಗಾಕಾರ ಮಾಡುವ ಮೊದಲೇ ಅವರು ಮೊಬೈಲ್‌ನಲ್ಲಿ ಮಾಡಿ ತೋರಿಸಿದರು: 827 ಹತ್ತಿರ. ಚೀಟಿ ವಾಪಸ್ ಕೊಟ್ಟು, 720 ಹೊಡೆದುಹಾಕಿ ಇದನ್ನು ಬರೀರಿ ಅಂದರು. "ಮನೇಲಿ ತೋರಿಸ್ಬೇಕು" ಅಂತ ಮಡಚಿ ಸೊಂಟದ ಚೀಲದಲ್ಲಿ ಇಟ್ಟುಕೊಂಡರು.